ಪದದ ಒಳಗೂ ಸುತ್ತಲೂ: ಮಧ್ಯಪ್ರತ್ಯಯ, ಸುತ್ತುಪ್ರತ್ಯಯಗಳನ್ನು ಗುರುತಿಸುವ ಬಗೆ

‘ಮಾಡಿಸಿದಳು’ ಎಂಬ ಪದದ ನಟ್ಟನಡುವೆ ‘ಇಸು’ ಕೂತಿದೆ. ಹಾಗಾದರೆ ಅದು ಮಧ್ಯಪ್ರತ್ಯಯವೇ? ಭಾಷಾವಿಜ್ಞಾನದ ತರಗತಿಗೆ ಹೊಸದಾಗಿ ಬಂದವರಲ್ಲಿ ಹೆಚ್ಚಿನವರು ಹೌದು ಅನ್ನುತ್ತಾರೆ. ಉತ್ತರ ತಪ್ಪು. ‘ಇಸು’ ಅಪ್ಪಟ ಅಂತ್ಯಪ್ರತ್ಯಯ. ಧಾತು ‘ಮಾಡು’ ಮುಗಿದ ಮೇಲೆ ಅದು ಬಂದಿದೆ, ಅದರ ಬೆನ್ನಿಗೆ ಇನ್ನೆರಡು ಪ್ರತ್ಯಯಗಳು ಬಂದು ನಿಂತದ್ದರಿಂದ ನಡುವೆ ಇರುವಂತೆ ಕಾಣುತ್ತದೆ, ಅಷ್ಟೆ. ಬಸ್ಸಿನ ಸಾಲಿನಲ್ಲಿ ನಡುವೆ ನಿಂತವನು ಮುಂದಿನವನ ಹೊಟ್ಟೆಯೊಳಗೆ ನಿಂತಿರುವುದಿಲ್ಲವಲ್ಲ.

ಮಧ್ಯಪ್ರತ್ಯಯ ಎಂದರೆ ಒಂದೇ ಮೂಲಪದವನ್ನು ಸೀಳಿ ಅದರೊಳಗೆ ಹೊಕ್ಕುವ ಪ್ರತ್ಯಯ. ಇಂಗ್ಲಿಷಿನವರು ಇದನ್ನೇ ಇನ್ಫಿಕ್ಸ್ ಅನ್ನುತ್ತಾರೆ. ಅವರು ಸರ್ಕಮ್‌ಫಿಕ್ಸ್ ಅನ್ನುವುದನ್ನು ಇಲ್ಲಿ ಸುತ್ತುಪ್ರತ್ಯಯ ಎಂದು ಕರೆದಿದ್ದೇವೆ. ಮೂಲಪದದ ಎಡಕ್ಕೊಂದು, ಬಲಕ್ಕೊಂದು ತುಂಡು ಬಂದು, ಎರಡೂ ಸೇರಿ ಒಂದೇ ಕೆಲಸ ಮಾಡುವ ಪ್ರತ್ಯಯ ಅದು. ಕನ್ನಡದಲ್ಲಿ ಇವೆರಡೂ ಇಲ್ಲ. ನಮ್ಮದು ಹಿಂದಕ್ಕೆ ಅಂಟಿಸುತ್ತ ಹೋಗುವ ಭಾಷೆ. ‘ಅನ್ಯಾಯ’ದ ‘ಅ’, ‘ಬೇಜವಾಬ್ದಾರಿ’ಯ ‘ಬೇ’, ‘ಗೈರುಹಾಜರಿ’ಯ ‘ಗೈರು’ ಮುಂತಾದ ಪೂರ್ವಪ್ರತ್ಯಯಗಳು ಕೂಡ ಸಂಸ್ಕೃತ, ಪಾರಸಿ, ಅರಬ್ಬಿಗಳಿಂದ ಬಂದವು. ಹಾಗಾಗಿ ಈ ಎರಡು ಬಗೆಗಳನ್ನು ಕಲಿಯುವ ಕನ್ನಡಿಗರು ಬೇರೆ ಭಾಷೆಯ ಪದಪಟ್ಟಿಯನ್ನು ಮುಂದಿಟ್ಟುಕೊಂಡೇ ಕಲಿಯಬೇಕು. ಕೆಳಗಿನ ಹಂತಗಳು ಅಂಥ ಪಟ್ಟಿಯೊಂದು ಕೈಗೆ ಸಿಕ್ಕಾಗ ಏನು ಮಾಡಬೇಕು ಎಂಬುದಕ್ಕೆ. ಮುಖ್ಯ ಉದಾಹರಣೆ ಫಿಲಿಪ್ಪೀನ್ಸಿನ ಟಾಗಲಾಗ್ ಭಾಷೆಯದು, ಏಕೆಂದರೆ ಅಲ್ಲಿ ಮಧ್ಯಪ್ರತ್ಯಯ ಇಂದಿಗೂ ದಿನಬಳಕೆಯಲ್ಲಿದೆ, ಹೊಸ ಪದಗಳಿಗೂ ಹತ್ತುತ್ತದೆ.

ಮೊದಲ ಹಂತ: ಅಕ್ಷರ ಬಿಡಿಸಿ

ಈ ಪಟ್ಟಿ ನೋಡಿ. ಟಾಗಲಾಗ್‌ನಲ್ಲಿ ‘ಸುಲತ್’ ಎಂದರೆ ಬರೆಯುವುದು, ‘ಸುಮುಲತ್’ ಎಂದರೆ ಬರೆದ. ‘ಬಿಲಿ’ ಎಂದರೆ ಕೊಳ್ಳುವುದು, ‘ಬುಮಿಲಿ’ ಎಂದರೆ ಕೊಂಡ. ‘ತಕ್ಬೊ’ ಎಂದರೆ ಓಟ, ‘ತುಮಕ್ಬೊ’ ಎಂದರೆ ಓಡಿದ.

ಕನ್ನಡ ಲಿಪಿಯಲ್ಲಿ ಹೀಗೇ ಇಟ್ಟುಕೊಂಡು ನೋಡಿದರೆ ದಾರಿ ತಪ್ಪುತ್ತದೆ. ‘ಸುಲತ್’ ಮತ್ತು ‘ಸುಮುಲತ್’ ಜೋಡಿಯನ್ನು ಕಂಡ ಕೂಡಲೇ ‘ಸು’ ಆದ ಮೇಲೆ ‘ಮು’ ಸೇರಿದೆ ಅನ್ನಿಸುತ್ತದೆ. ಮುಂದಿನ ಜೋಡಿಗೆ ಬಂದರೆ ‘ಬಿ’ ಹೋಗಿ ‘ಬು’ ಆಗಿದೆ, ಆಮೇಲೆ ‘ಮಿ’ ಬಂದಿದೆ. ಮೂರನೆಯದರಲ್ಲಿ ‘ತ’ ಹೋಗಿ ‘ತು’ ಆಗಿದೆ, ಆಮೇಲೆ ‘ಮ’ ಬಂದಿದೆ. ಒಂದೊಂದು ಜೋಡಿಗೂ ಒಂದೊಂದು ನಿಯಮ ಬೇಕಾಗುತ್ತದೆ. ತೊಡಕು ಭಾಷೆಯದಲ್ಲ, ನಮ್ಮ ಗುಣಿತಾಕ್ಷರದ್ದು. ವ್ಯಂಜನ, ಸ್ವರ ಎರಡನ್ನೂ ಒಂದೇ ಅಕ್ಷರದಲ್ಲಿ ಹೊಲಿದುಬಿಡುವ ಲಿಪಿ ನಮ್ಮದು. ಈ ಪ್ರತ್ಯಯ ಕೂರುವುದು ಸರಿಯಾಗಿ ಆ ಹೊಲಿಗೆ ಇರುವಲ್ಲೇ.

ಆದ್ದರಿಂದ ಶಾಲೆಯಲ್ಲಿ ಸಂಧಿ ಬಿಡಿಸುವಾಗ ಮಾಡುತ್ತಿದ್ದ ಹಾಗೆ ವರ್ಣಗಳನ್ನು ಬಿಡಿಬಿಡಿಯಾಗಿ ಬರೆಯಿರಿ.

ಸ್ ಉ ಲ್ ಅ ತ್ → ಸ್ ಉ ಮ್ ಉ ಲ್ ಅ ತ್
ಬ್ ಇ ಲ್ ಇ → ಬ್ ಉ ಮ್ ಇ ಲ್ ಇ
ತ್ ಅ ಕ್ ಬ್ ಒ → ತ್ ಉ ಮ್ ಅ ಕ್ ಬ್ ಒ

ಮೂರರಲ್ಲೂ ಸೇರಿದ್ದು ಒಂದೇ: -ಉಮ್-. ಸೇರಿದ ಜಾಗವೂ ಒಂದೇ, ಮೊದಲ ವ್ಯಂಜನ ಆದ ಮೇಲೆ. ‘ಬಿ’ ‘ಬು’ ಆಗಲಿಲ್ಲ. ‘ಬ್’ ಅಲ್ಲೇ ಉಳಿಯಿತು, ಅದರ ‘ಇ’ಕಾರ ‘ಮ್’ ಜೊತೆ ಹೋಗಿ ‘ಮಿ’ ಆಯಿತು. ಈ ಬಿಡಿಸುವ ಕೆಲಸವನ್ನು ತಲೆಯಲ್ಲೇ ಮಾಡುತ್ತೇನೆ ಅನ್ನಬೇಡಿ, ಕಾಗದದ ಮೇಲೆಯೇ ಮಾಡಿ. ತಲೆಯೊಳಗೆ ನಾವು ಮತ್ತೆ ಗುಣಿತಾಕ್ಷರದಲ್ಲೇ ಯೋಚಿಸುತ್ತೇವೆ.

ಕಂಪ್ಯೂಟರಿನಲ್ಲಿ ಮಾಡುವವರಿಗೂ ಇದೇ ಎಚ್ಚರ ಬೇಕು. ಯೂನಿಕೋಡ್‌ನಲ್ಲಿ ‘ಸು’ ಎಂಬುದು U+0CB8, U+0CC1 ಎಂಬ ಎರಡು ಸಂಕೇತಗಳು. ಆದರೆ ‘ಸ’ದೊಳಗಿನ ‘ಅ’ಕಾರಕ್ಕೆ ಸಂಕೇತವೇ ಇಲ್ಲ. ಮೊದಲ ಸಂಕೇತ ಆದ ಮೇಲೆ ‘ಉಮ್’ ತುರುಕಿದರೆ ಕೊಂಬು ಅನಾಥವಾಗಿ ಪರದೆಯ ಮೇಲೆ ಚುಕ್ಕಿವೃತ್ತದೊಡನೆ ಕಾಣಿಸಿಕೊಳ್ಳುತ್ತದೆ. ಇಂಥ ಪಟ್ಟಿಗಳನ್ನು ರೋಮನ್ ಲಿಪಿಗೆ ಇಳಿಸಿಕೊಂಡು ಕೆಲಸ ಮಾಡುವುದೇ ಸಲೀಸು.

ಎರಡನೆಯ ಹಂತ: ಎರಡೂ ಬದಿಯ ತುಂಡುಗಳಿಗೆ ಅರ್ಥ ಕೇಳಿ

ನಡುವಿನ ತುಂಡು ಸಿಕ್ಕಿತು ಎಂದಾಕ್ಷಣ ಮಧ್ಯಪ್ರತ್ಯಯ ಎಂದು ಬರೆದುಬಿಡಬೇಡಿ. ಅದರ ಎಡಬಲದ ತುಂಡುಗಳನ್ನು ನೋಡಿ. ‘ಮಾಡಿಸಿದಳು’ ಪದದಲ್ಲಿ ‘ಇಸ್’ ತೆಗೆದರೆ ಎಡಕ್ಕೆ ‘ಮಾಡ್’ ಉಳಿಯುತ್ತದೆ. ಅದು ಇಡೀ ಧಾತು, ಅರ್ಥವುಳ್ಳದ್ದು. ಬಲಕ್ಕೆ ಉಳಿದ ‘ಇದಳು’ ಕಾಲವನ್ನೂ ‘ಅವಳು’ ಎಂಬುದನ್ನೂ ಹೇಳುತ್ತದೆ. ಎರಡೂ ಬದಿಯಲ್ಲಿ ಅರ್ಥವುಳ್ಳ ತುಂಡುಗಳಿದ್ದರೆ ನಡುವಿನದು ಮಾಮೂಲಿ ಅಂತ್ಯಪ್ರತ್ಯಯ. ‘ಮಾಡುತ್ತಾನೆ’ಯ ‘ಉತ್ತ’ವೂ ಹೀಗೆಯೇ.

‘ಸುಮುಲತ್’ ಕಥೆ ಬೇರೆ. -ಉಮ್- ತೆಗೆದರೆ ಎಡಕ್ಕೆ ಬರೀ ‘ಸ್’, ಬಲಕ್ಕೆ ‘ಉಲತ್’. ‘ಸ್’ಗೆ ತನ್ನದೇ ಅರ್ಥವಿಲ್ಲ. ‘ಉಲತ್’ ಎಂಬಲ್ಲಿ ಮಾತ್ರ ಸ್ವಲ್ಪ ನಿಲ್ಲಿ. ಟಾಗಲಾಗ್‌ನಲ್ಲಿ ‘ಉಲತ್’ ಎಂಬ ಪದ ನಿಜವಾಗಿಯೂ ಇದೆ, ವರದಿ ಎಂದು ಅದರ ಅರ್ಥ! ಬರೆಯುವುದಕ್ಕೂ ವರದಿಗೂ ನಂಟು ಕಲ್ಪಿಸಿ ‘ಸುಮ್-’ ಎಂಬ ಪೂರ್ವಪ್ರತ್ಯಯವನ್ನು ಹುಟ್ಟಿಸುವ ಆಸೆ ಹುಟ್ಟುವುದು ಸಹಜ. ಅದನ್ನು ತಡೆಯಲು ಉಳಿದ ಜೋಡಿಗಳೇ ಸಾಕು. ‘ಸುಮ್-’ ಪೂರ್ವಪ್ರತ್ಯಯವಾಗಿದ್ದರೆ ‘ಬಿಲಿ’ಯ ಮುಂದೆಯೂ ಅದೇ ಬರಬೇಕಿತ್ತು. ಬಂದದ್ದು ‘ಬುಮ್’. ‘ತಕ್ಬೊ’ ಮುಂದೆ ‘ತುಮ್’. ಪ್ರತಿ ಸಲವೂ ಮೊದಲ ವ್ಯಂಜನ ಮೂಲಪದದ್ದೇ ಆಗಿರುವುದರಿಂದ ಆ ವ್ಯಂಜನ ಪ್ರತ್ಯಯದ್ದಲ್ಲ. ‘ಉಲತ್’ ಸಿಕ್ಕಿದ್ದು ಕಾಕತಾಳೀಯ. ಒಂದೇ ಜೋಡಿಯಿಂದ ಯಾವ ತೀರ್ಮಾನಕ್ಕೂ ಬರಬಾರದು ಅನ್ನುವುದು ಇದಕ್ಕೇ. ಬೇರೆ ಬೇರೆ ವ್ಯಂಜನದಿಂದ ಶುರುವಾಗುವ ಐದಾರು ಜೋಡಿಗಳಾದರೂ ಬೇಕು.

ಇದೇ ಹಂತದಲ್ಲಿ ಕನ್ನಡದ ಎರಡು ಮೋಸಗಳನ್ನು ಬದಿಗಿಡೋಣ. ‘ಮನೆಯನ್ನು’ ಪದದ ನಡುವಿನ ‘ಯ್’ ಯಕಾರಾಗಮ. ಅದು ‘ಮನೆ’ಯನ್ನು ಸೀಳಿಲ್ಲ, ಪದ ಮತ್ತು ಪ್ರತ್ಯಯದ ಗಡಿಯಲ್ಲಿ ಕೂತಿದೆ. ಜೊತೆಗೆ ಅದಕ್ಕೆ ಅರ್ಥವೂ ಇಲ್ಲ. ಇನ್ನು ‘ಮಾಡಬೇಕು’ ‘ಮಾಡಲೇಬೇಕು’ ಜೋಡಿಯನ್ನು ನೋಡಿದರೆ ‘ಏ’ ಒಳಗೆ ನುಗ್ಗಿದಂತೆ ಕಾಣುತ್ತದೆ. ಆದರೆ ‘ಮಾಡಲು’, ‘ಬೇಕು’ ಎರಡು ಬೇರೆ ಪದಗಳು. ‘ಏ’ ಮೊದಲನೆಯದರ ಬಾಲಕ್ಕೆ ಹತ್ತಿದೆ. ಮಧ್ಯಪ್ರತ್ಯಯಕ್ಕೆ ಬೇಕಾದದ್ದು ಒಡೆಯಲಾಗದ ಒಂದು ತುಂಡು ಒಡೆಯುವುದು.

ಮೂರನೆಯ ಹಂತ: ಜಾಗವನ್ನು ಎಣಿಸಬೇಡಿ, ಆಧಾರ ಹುಡುಕಿ

ಜಾಗವನ್ನು ‘ಮೊದಲ ವ್ಯಂಜನದ ನಂತರ’ ಎಂದು ಬರೆದಿರಿ. ಅದು ‘ಮೊದಲ ಸ್ವರದ ಮುಂಚೆ’ ಯಾಕೆ ಆಗಿರಬಾರದು? ಮೇಲಿನ ಮೂರು ಪದಗಳಲ್ಲಿ ಎರಡು ಹೇಳಿಕೆಗಳೂ ಒಂದೇ ಫಲ ಕೊಡುತ್ತವೆ. ಇವನ್ನು ಬೇರ್ಪಡಿಸಲು ಒತ್ತಕ್ಷರದಿಂದ ಶುರುವಾಗುವ ಪದ ಬೇಕು. ಹಳೆಯ ಟಾಗಲಾಗ್ ಪದಗಳಲ್ಲಿ ಅಂಥವು ಸಿಗುವುದು ಕಷ್ಟ. ಇಂಗ್ಲಿಷಿನಿಂದ ಹೋದ ‘ಗ್ರಾಜುಯೇಟ್’ ಅಲ್ಲಿ ‘ಗ್ರದ್ವೆತ್’ ಆಗಿದೆ, ಪದವಿ ಮುಗಿಸು ಎಂಬ ಕ್ರಿಯಾಪದವಾಗಿಯೂ ಬಳಕೆಯಲ್ಲಿದೆ. ಅದಕ್ಕೆ -ಉಮ್- ಸೇರಿಸಿದರೆ ‘ಗ್ರುಮದ್ವೆತ್’ ಅನ್ನುವವರೂ ಇದ್ದಾರೆ, ‘ಗುಮ್ರದ್ವೆತ್’ ಅನ್ನುವವರೂ ಇದ್ದಾರೆ. ಮೊದಲನೆಯವರಿಗೆ ಆಧಾರ ಸ್ವರ, ಎರಡನೆಯವರಿಗೆ ಆಧಾರ ವ್ಯಂಜನ. ಎರಡು ನಿಯಮಗಳನ್ನೂ ರೋಮನ್ ಲಿಪಿಯ ಪದಗಳ ಮೇಲೆ ಓಡಿಸಿ ನೋಡಬಹುದು.

```python
import re
def um_a(w): return re.sub(r'^([^aeiou]*)', r'\1um', w, count=1)
def um_b(w): return re.sub(r'^([^aeiou]?)', r'\1um', w, count=1)

print(um_a('sulat'), um_b('sulat'))      # sumulat sumulat
print(um_a('gradwet'), um_b('gradwet'))  # grumadwet gumradwet
print(um_a('ngiti'), um_b('ngiti'))      # ngumiti numgiti
```

ಕೊನೆಯ ಸಾಲು ನೋಡಿ. ‘ಙಿತಿ’ ಎಂದರೆ ನಗು, ಸರಿಯಾದ ರೂಪ ‘ಙುಮಿತಿ’. ಎರಡನೆಯ ನಿಯಮ ಅದನ್ನು ಕೆಡಿಸಿತು. ಹಾಗೆಂದು ನಿಯಮವೇ ತಪ್ಪು ಅಂದುಕೊಳ್ಳಬೇಡಿ. ರೋಮನ್ ಲಿಪಿಯಲ್ಲಿ ‘ಙ’ ಎಂಬ ಒಂದು ಧ್ವನಿಗೆ ng ಎಂದು ಎರಡು ಅಕ್ಷರ. ಪ್ರೋಗ್ರಾಮು ಅಕ್ಷರ ಎಣಿಸಿತು, ಧ್ವನಿ ಎಣಿಸಲಿಲ್ಲ. ಈ ಒಂದು ವಿಷಯದಲ್ಲಿ ನಮ್ಮ ಲಿಪಿಯೇ ವಾಸಿ. ಙ ಬಳಸುವ ಅವಕಾಶ ಕನ್ನಡದಲ್ಲಿ ಅಪರೂಪ, ಇಲ್ಲಿ ಅದಕ್ಕೆ ನಿಜವಾದ ಕೆಲಸ ಸಿಕ್ಕಿತು.

ಸ್ವರದಿಂದ ಶುರುವಾಗುವ ಪದಗಳನ್ನೂ ಪರೀಕ್ಷಿಸಿ. ‘ಅಲಿಸ್’ ಎಂದರೆ ಹೊರಡು, ‘ಉಮಲಿಸ್’ ಎಂದರೆ ಹೊರಟ. ಬರಹದಲ್ಲಿ ಇದು ಅಚ್ಚುಕಟ್ಟಾದ ಪೂರ್ವಪ್ರತ್ಯಯ. ಆದರೆ ಟಾಗಲಾಗ್ ಮಾತಿನಲ್ಲಿ ಪದದ ಮೊದಲಿಗೆ ಬರುವ ಸ್ವರದ ಮುಂದೆ ಗಂಟಲಲ್ಲಿ ಚಿಕ್ಕದೊಂದು ತಡೆ ಕೇಳುತ್ತದೆ. ಆ ತಡೆಯನ್ನು ವ್ಯಂಜನ ಎಂದು ಎಣಿಸಿದರೆ -ಉಮ್- ಇಲ್ಲಿಯೂ ಅದರ ನಂತರವೇ ಕೂತಿದೆ. ಎಣಿಸದಿದ್ದರೂ ‘ಮೊದಲ ಸ್ವರದ ಮುಂಚೆ’ ಎಂಬ ನಿಯಮ ಮುರಿಯುವುದಿಲ್ಲ. ಹಾಗಾಗಿ ‘ಕೆಲವೊಮ್ಮೆ ಪೂರ್ವಪ್ರತ್ಯಯ, ಕೆಲವೊಮ್ಮೆ ಮಧ್ಯಪ್ರತ್ಯಯ’ ಎಂದು ಎರಡು ಪ್ರತ್ಯಯಗಳನ್ನು ಪಟ್ಟಿಮಾಡುವ ಅಗತ್ಯ ಇಲ್ಲ. ಒಂದೇ ಪ್ರತ್ಯಯ, ಒಂದೇ ಆಧಾರ.

ನಿಜವಾಗಿಯೂ ಜಾಗ ಬದಲಿಸುವ ಪ್ರತ್ಯಯವೂ ಅದೇ ಭಾಷೆಯಲ್ಲಿದೆ. ಏನನ್ನು ಬರೆಯಲಾಯಿತು ಎಂಬುದರ ಮೇಲೆ ಒತ್ತು ಬಿದ್ದಾಗ -ಇನ್- ಬರುತ್ತದೆ: ಸುಲತ್, ಸಿನುಲತ್. ಬಿಲಿ, ಬಿನಿಲಿ. ಆದರೆ ‘ಲ’, ‘ಯ’ ಮೊದಲಾದವುಗಳಿಂದ ಶುರುವಾಗುವ ಪದಗಳಲ್ಲಿ ಅದು ತಿರುವುಮುರುವಾಗಿ ‘ನಿ-’ ಆಗಿ ಮುಂದಕ್ಕೆ ಬರುತ್ತದೆ. ‘ಲುತೊ’ ಎಂದರೆ ಅಡುಗೆ, ರೂಪ ‘ನಿಲುತೊ’. ‘ಲಿನಿಸ್’ ಎಂದರೆ ಸ್ವಚ್ಛ ಮಾಡು, ರೂಪ ‘ನಿಲಿನಿಸ್’. ಪಟ್ಟಿಯಲ್ಲಿ ಲಕಾರಾದಿ ಪದ ಒಂದೂ ಇಲ್ಲದಿದ್ದರೆ ಇದು ಗೊತ್ತಾಗುವುದೇ ಇಲ್ಲ.

ಆಧಾರವನ್ನು ಹೆಸರಿಸಿ ಜಾಗ ಹೇಳುವ ಈ ಕ್ರಮ ನಮಗೆ ಹೊಸದಲ್ಲ. ಸಂಸ್ಕೃತದ ರುಧಾದಿ ಗಣದ ಧಾತುಗಳಿಗೆ ಪಾಣಿನಿ ‘ಶ್ನಮ್’ ವಿಧಿಸುತ್ತಾನೆ (ಅಷ್ಟಾಧ್ಯಾಯಿ 3.1.78). ಅದರಲ್ಲಿ ‘ಶ’ ಮತ್ತು ‘ಮ್’ ಬರಿಯ ಗುರುತುಗಳು, ಉಳಿಯುವುದು ‘ನ’. ಆ ‘ಮ್’ ಗುರುತಿಗೆ ಇನ್ನೊಂದು ಸೂತ್ರ ಅರ್ಥ ಕೊಡುತ್ತದೆ: ‘ಮಿದಚೋऽನ್ತ್ಯಾತ್ ಪರಃ’ (1.1.47). ಮಕಾರದ ಗುರುತುಳ್ಳದ್ದು ಕೊನೆಯ ಸ್ವರದ ನಂತರ ಕೂರಬೇಕು. ಎಷ್ಟನೆಯ ಅಕ್ಷರ ಎಂಬ ಮಾತೇ ಇಲ್ಲ. ‘ಯುಜ್’ ಧಾತುವಿನ ಸ್ವರ ‘ಉ’, ಅದರ ನಂತರ ‘ನ’ ಬಂದು ‘ಯುನಜ್’, ಮುಂದೆ ‘ತಿ’ ಸೇರಿ ‘ಯುನಕ್ತಿ’. ‘ಭಿದ್’ ಹೀಗೆಯೇ ‘ಭಿನತ್ತಿ’ ಆಗುತ್ತದೆ. ಬಹುವಚನದಲ್ಲಿ ಆ ‘ನ’ದ ಅಕಾರ ಬಿದ್ದು ‘ಯುಂಜಂತಿ’, ‘ಭಿಂದಂತಿ’. ಅರ್ಥ ಕೇಳುವ ಪರೀಕ್ಷೆಯನ್ನು ಇಲ್ಲಿಯೂ ಹಚ್ಚಿ: ‘ಯು’ ಮತ್ತು ‘ಜ್’ ಎಂದು ಸೀಳಿದ ತುಂಡುಗಳಿಗೆ ಜೋಡಿಸು ಎಂಬ ಅರ್ಥದ ಪಾಲು ಹಂಚಿಲ್ಲ. ಕನ್ನಡಕ್ಕೆ ಬಂದ ‘ಯೋಗ’, ‘ಯುಕ್ತ’, ‘ಭೇದ’ ಮುಂತಾದವುಗಳಲ್ಲಿ ಆ ‘ನ’ ಇಲ್ಲ ಎಂಬುದೇ ಅದು ಧಾತುವಿನದಲ್ಲ ಎಂಬುದಕ್ಕೆ ಸಾಕ್ಷಿ.

ಇಲ್ಲೊಂದು ಗುಂಡಿ ಇದೆ. ‘ಭಿನ್ನ’, ‘ಛಿನ್ನ’ ಪದಗಳ ‘ನ್ನ’ವನ್ನು ನೋಡಿ ಅದೇ ಮಧ್ಯಪ್ರತ್ಯಯ ಎಂದು ಬರೆಯುವವರು ಬಹಳ. ಅದಲ್ಲ. ‘ಭಿದ್’ ಮುಂದೆ ‘ತ’ ಪ್ರತ್ಯಯ ಬಂದು, ಆ ‘ತ’ವೂ ಧಾತುವಿನ ‘ದ್’ ಕೂಡ ನಕಾರವಾದವು. ಭಿದ್ + ತ = ಭಿನ್ನ. ಎಣಿಸಿ ನೋಡಿ: ಮಧ್ಯಪ್ರತ್ಯಯವಾಗಿದ್ದರೆ ನಕಾರದ ನಂತರ ಧಾತುವಿನ ಕೊನೆಯ ದಕಾರ ಎಲ್ಲಾದರೂ ಉಳಿದಿರಬೇಕಿತ್ತು.

ನಾಲ್ಕನೆಯ ಹಂತ: ಪ್ರತ್ಯಯದ ಅಳತೆ

ಜಾಗ ಗೊತ್ತಾದ ಮೇಲೂ ಪ್ರತ್ಯಯ ಎಲ್ಲಿಂದ ಎಲ್ಲಿಯವರೆಗೆ ಎಂಬುದು ಉಳಿಯುತ್ತದೆ. ಝಾರ್ಖಂಡ್, ಒಡಿಶಾ ಕಡೆಯ ಮುಂಡಾ ಭಾಷೆಗಳು ಇದಕ್ಕೆ ಒಳ್ಳೆಯ ಅಭ್ಯಾಸ. ಸಂತಾಲಿಯಲ್ಲಿ ‘ದಲ್’ ಎಂದರೆ ಹೊಡೆ, ‘ದಪಲ್’ ಎಂದರೆ ಒಬ್ಬರನ್ನೊಬ್ಬರು ಹೊಡೆ. ದ್ ಅ ಲ್, ದ್ ಅ ಪ್ ಅ ಲ್. ಸೇರಿದ್ದು ‘ಅಪ್’ ಇರಬಹುದು, ‘ಪ’ ಇರಬಹುದು, ಬರೀ ‘ಪ್’ ಬಂದು ಪಕ್ಕದ ಸ್ವರ ನಕಲಾಗಿರಬಹುದು. ಈ ಒಂದು ಜೋಡಿ ಯಾವುದನ್ನೂ ತಳ್ಳಿಹಾಕುವುದಿಲ್ಲ, ಎಲ್ಲ ಸ್ವರಗಳೂ ‘ಅ’ ಆಗಿರುವುದರಿಂದ. ಬೇರೆ ಸ್ವರಗಳ ಧಾತುಗಳನ್ನು ಹುಡುಕಬೇಕು.

ಇದರ ನೆಂಟನಾದ ಮುಂಡಾರಿಯಲ್ಲಿ ಕ್ರಿಯೆಯಿಂದ ನಾಮಪದ ಮಾಡುವ ನಕಾರವನ್ನು ನೋಡಿದರೆ ದಾರಿ ಕಾಣುತ್ತದೆ. ‘ಒಲ್’ ಎಂದರೆ ಬರೆ, ‘ಒನೊಲ್’ ಎಂದರೆ ಬರಹ. ‘ದುಬ್’ ಎಂದರೆ ಕೂರು, ‘ದುನುಬ್’ ಎಂದರೆ ಸಭೆ. ಮೊದಲನೆಯದರಲ್ಲಿ ಹೊಸ ಸ್ವರ ‘ಒ’, ಎರಡನೆಯದರಲ್ಲಿ ‘ಉ’. ಪ್ರತಿ ಸಲವೂ ಧಾತುವಿನದೇ ಸ್ವರ. ಅಂದರೆ ಪ್ರತ್ಯಯ ಬರೀ -ನ್-, ಸ್ವರ ನಕಲು. ಪಟ್ಟಿಯಲ್ಲಿ ಒಂದೇ ಸ್ವರದ ಧಾತುಗಳು ತುಂಬಿದ್ದರೆ ಪ್ರತ್ಯಯದ ಅಳತೆ ತೀರ್ಮಾನವಾಗಿಲ್ಲ ಎಂದೇ ಬರೆದಿಡಿ.

ನಕಲಿನ ವಿಷಯ ಬಂದದ್ದರಿಂದ ಟಾಗಲಾಗ್‌ಗೆ ಒಂದು ಸಲ ಮರಳೋಣ. ಅಲ್ಲಿ ಮೊದಲ ವ್ಯಂಜನವನ್ನೂ ಸ್ವರವನ್ನೂ ಎರಡು ಸಲ ಹೇಳಿದರೆ ಕ್ರಿಯೆ ಇನ್ನೂ ಮುಗಿದಿಲ್ಲ ಎಂದು ಅರ್ಥ. ‘ಸುಸುಲತ್’ ಎಂದರೆ ಬರೆಯುತ್ತಾನೆ, ಮುಂದೆ. ‘ಸುಮುಸುಲತ್’ ಎಂದರೆ ಬರೆಯುತ್ತಿದ್ದಾನೆ. ಈ ಎರಡನೆಯದನ್ನು ಬಿಡಿಸುವಾಗ ಯಾವುದು ಮೊದಲು ನಡೆಯಿತು ಎಂಬುದು ಮುಖ್ಯ. ಮೊದಲು -ಉಮ್- ಸೇರಿ ಆಮೇಲೆ ನಕಲಾಗಿದ್ದರೆ ‘ಸುಮುಲತ್’ ಮುಂದೆ ‘ಸು’ ಬಂದು ‘ಸುಸುಮುಲತ್’ ಆಗಬೇಕಿತ್ತು. ಅಂಥ ರೂಪ ಇಲ್ಲ. ಮೊದಲು ನಕಲು, ‘ಸುಸುಲತ್’. ಆಮೇಲೆ ಅದರ ಮೊದಲ ವ್ಯಂಜನದ ನಂತರ -ಉಮ್-: ಸ್ ಉಮ್ ಉಸುಲತ್. ಕ್ರಮ ತಪ್ಪಿಸಿದರೆ ‘ಮುಸು’ ಎಂಬ ಇಲ್ಲದ ಪ್ರತ್ಯಯವೊಂದು ಕೈಗೆ ಬರುತ್ತದೆ.

ಐದನೆಯ ಹಂತ: ಸುತ್ತುಪ್ರತ್ಯಯಕ್ಕೆ ಸಿಪ್ಪೆ ಸುಲಿಯುವ ಪರೀಕ್ಷೆ

ಪದದ ಎರಡೂ ತುದಿಯಲ್ಲಿ ಪ್ರತ್ಯಯ ಇದ್ದ ಮಾತ್ರಕ್ಕೆ ಸುತ್ತುಪ್ರತ್ಯಯ ಆಗುವುದಿಲ್ಲ. ‘ನಿರುದ್ಯೋಗಿ’ ನೋಡಿ. ಎಡಕ್ಕೆ ‘ನಿರ್’, ಬಲಕ್ಕೆ ‘ಇ’. ಬಲದ ಸಿಪ್ಪೆ ಸುಲಿಯಿರಿ, ‘ನಿರುದ್ಯೋಗ’ ಉಳಿಯುತ್ತದೆ, ಅದು ಬಳಕೆಯ ಪದ. ಎಡದ್ದನ್ನು ಸುಲಿದರೆ ‘ಉದ್ಯೋಗಿ’, ಅದೂ ಇದೆ. ಒಂದೊಂದಾಗಿ ಸುಲಿಯಲು ಬಂದರೆ ಅವು ಎರಡು ಬೇರೆ ಪ್ರತ್ಯಯಗಳು, ಒಂದಾದ ಮೇಲೊಂದು ಹತ್ತಿದವು.

ಈಗ ಇಂಡೋನೇಷ್ಯಾಕ್ಕೆ ಬನ್ನಿ. ಆ ದೇಶದ ಐದು ರಾಷ್ಟ್ರತತ್ತ್ವಗಳಾದ ಪಂಚಶೀಲದ ಎರಡನೆಯ ಶೀಲ ‘ಕೆಮನುಸಿಯಾಅನ್’ ಎಂಬ ಪದದಿಂದ ಶುರುವಾಗುತ್ತದೆ, ಮಾನವೀಯತೆ ಎಂದು ಅರ್ಥ. ಒಳಗಿರುವ ‘ಮನುಸಿಯಾ’ ನಮ್ಮ ‘ಮನುಷ್ಯ’ನೇ, ಸಂಸ್ಕೃತದಿಂದ ಹೋದದ್ದು. ಎಡಕ್ಕೆ ‘ಕೆ’, ಬಲಕ್ಕೆ ‘ಅನ್’. ಬಲದ್ದನ್ನು ಸುಲಿದರೆ *ಕೆಮನುಸಿಯಾ, ಅಂಥ ಪದ ಇಲ್ಲ. ಎಡದ್ದನ್ನು ಸುಲಿದರೆ *ಮನುಸಿಯಾಅನ್, ಅದೂ ಇಲ್ಲ. (ಇಲ್ಲದ ರೂಪದ ಮುಂದೆ ನಕ್ಷತ್ರ ಹಾಕುವುದು ಈ ಕ್ಷೇತ್ರದ ರೂಢಿ.) ಎರಡನ್ನೂ ಒಟ್ಟಿಗೆ ತೆಗೆದರೆ ಮಾತ್ರ ನಿಜವಾದ ಪದ ಸಿಗುತ್ತದೆ. ಇದು ಸುತ್ತುಪ್ರತ್ಯಯ.

ಈ ಪರೀಕ್ಷೆಯಲ್ಲಿ ಜನ ಎಡವುವುದು ಒಂದು ಕಡೆ. ‘ಅನ್’ ಒಂಟಿಯಾಗಿಯೂ ಇಂಡೋನೇಷ್ಯನ್‌ನಲ್ಲಿದೆ: ‘ಮಕನ್’ ಎಂದರೆ ತಿನ್ನು, ‘ಮಕನನ್’ ಎಂದರೆ ತಿನಿಸು. ಹಾಗಾಗಿ ‘ಅನ್ ಬೇರೆ ಕಡೆ ಇದೆಯಲ್ಲ, ಇದು ಮಾಮೂಲಿ ಅಂತ್ಯಪ್ರತ್ಯಯ’ ಎಂಬ ವಾದ ಬರುತ್ತದೆ. ಪ್ರಶ್ನೆ ಆ ಪ್ರತ್ಯಯ ಭಾಷೆಯಲ್ಲಿ ಇದೆಯೇ ಎಂಬುದಲ್ಲ, ಈ ಮೂಲಪದದ ಮೇಲೆ ಅದೊಂದೇ ನಿಲ್ಲುತ್ತದೆಯೇ ಎಂಬುದು. ಅರ್ಥವನ್ನೂ ಕೇಳಿ. ‘ಹುಜನ್’ ಎಂದರೆ ಮಳೆ, ‘ಕೆಹುಜನನ್’ ಎಂದರೆ ಮಳೆಗೆ ಸಿಕ್ಕಿಕೊಂಡ. ‘ಸಿಕ್ಕಿಕೊಂಡ’ ಎಂಬುದರಲ್ಲಿ ‘ಕೆ’ ಪಾಲೆಷ್ಟು, ‘ಅನ್’ ಪಾಲೆಷ್ಟು ಎಂದು ಹಂಚಲು ಬರುವುದಿಲ್ಲ.

ಪಂಚಶೀಲದ ಐದು ಶೀಲಗಳೂ ಇಂಥ ಪದಗಳಿಂದಲೇ ಶುರುವಾಗುತ್ತವೆ ಎಂಬುದು ಕಲಿಯುವವರಿಗೆ ಅನುಕೂಲ. ನಾಲ್ಕರಲ್ಲಿ ಕೆ…ಅನ್, ಮೂರನೆಯದರಲ್ಲಿ ಮಾತ್ರ ‘ಪೆರ್ಸತುಅನ್’, ಅಂದರೆ ಏಕತೆ, ಒಳಗಿನ ‘ಸತು’ ಎಂದರೆ ಒಂದು. ಈ ಮೂರನೆಯದು ಅಷ್ಟು ಶುದ್ಧ ಉದಾಹರಣೆ ಅಲ್ಲ ಎಂಬುದು ನಮ್ಮ ಅಭಿಪ್ರಾಯ. ‘ಬೆರ್ಸತು’, ಅಂದರೆ ಒಂದಾಗು, ಎಂಬ ಕ್ರಿಯಾಪದ ಬಳಕೆಯಲ್ಲಿದೆ. ಪೆರ್ಸತುಅನ್ ಅದಕ್ಕೆ ಜೋಡಿಯಾದ ನಾಮಪದ ಎಂದು ವಾದಿಸಲು ಜಾಗವಿದೆ. ಪರೀಕ್ಷೆಗೆ ಕೆಮನುಸಿಯಾಅನ್ ಬಳಸಿ, ಇದನ್ನು ಚರ್ಚೆಗೆ ಇಟ್ಟುಕೊಳ್ಳಿ.

ಪಠ್ಯಪುಸ್ತಕಗಳು ಸುತ್ತುಪ್ರತ್ಯಯಕ್ಕೆ ಮೊದಲು ಕೊಡುವ ಉದಾಹರಣೆ ಜರ್ಮನ್‌ನದು: ‘ಶ್ಪೀಲೆನ್’ ಎಂದರೆ ಆಡು, ‘ಗೆಶ್ಪೀಲ್ಟ್’ ಎಂದರೆ ಆಡಿದ. ಸಿಪ್ಪೆ ಸುಲಿದು ನೋಡಿ. ‘ಗೆ’ ತೆಗೆದರೆ ‘ಶ್ಪೀಲ್ಟ್’, ಈ ಪದ ಇದೆ! ಆದರೆ ಅದರ ಅರ್ಥ ‘ಅವನು ಆಡುತ್ತಾನೆ’. ಆ ‘ಟ್’ ಬೇರೆಯೇ. ರೂಪ ಒಂದೇ ಆದರೂ ಕೆಲಸ ಬೇರೆ ಇದ್ದರೆ ಪರೀಕ್ಷೆಯಲ್ಲಿ ಅದಕ್ಕೆ ಅಂಕ ಇಲ್ಲ. ಇಷ್ಟರವರೆಗೆ ಸುತ್ತುಪ್ರತ್ಯಯದ ಪರವಾಗಿದೆ. ಮುಂದೆ ‘ಷ್ಟುಡೀರೆನ್’, ಅಂದರೆ ಓದು, ನೋಡಿ. ಅದರ ರೂಪ ‘ಷ್ಟುಡೀರ್ಟ್’, ‘ಗೆ’ ಇಲ್ಲ. ‘ಬೆಜೂಖೆನ್’, ಅಂದರೆ ಭೇಟಿಯಾಗು, ಅದರ ರೂಪ ‘ಬೆಜೂಖ್ಟ್’, ಅಲ್ಲೂ ‘ಗೆ’ ಇಲ್ಲ. ಮೊದಲ ಉಚ್ಚಾರಖಂಡದ ಮೇಲೆ ಒತ್ತು ಬೀಳದ ಕ್ರಿಯಾಪದಗಳು ‘ಗೆ’ಯನ್ನು ಬಿಟ್ಟುಬಿಡುತ್ತವೆ. ಅಂದರೆ ‘ಟ್’ ಒಂಟಿಯಾಗಿಯೇ ಅದೇ ಕೆಲಸವನ್ನು ಮಾಡಬಲ್ಲದು, ‘ಗೆ’ ಒತ್ತಿನ ಮರ್ಜಿಯಂತೆ ಬರುತ್ತದೆ. ಜರ್ಮನ್‌ನದನ್ನು ಸುತ್ತುಪ್ರತ್ಯಯ ಅನ್ನುವುದು ತಪ್ಪಲ್ಲ, ಆದರೆ ಮೊದಲ ಉದಾಹರಣೆಯಾಗಿ ಇಂಡೋನೇಷ್ಯನ್ ಹೆಚ್ಚು ಗಟ್ಟಿ.

ಜರ್ಮನ್‌ನ ‘ಗೆ’ ಇನ್ನೊಂದು ಬಲೆಯನ್ನೂ ಹೆಣೆಯುತ್ತದೆ. ‘ಔಫ್‌ಮಾಖೆನ್’ ಎಂದರೆ ತೆರೆ, ಅದರ ರೂಪ ‘ಔಫ್‌ಗೆಮಾಖ್ಟ್’. ‘ಗೆ’ ಪದದ ನಡುವೆ ಬಂತು, ಮಧ್ಯಪ್ರತ್ಯಯವೇ? ಎರಡನೆಯ ಹಂತದ ಪ್ರಶ್ನೆ ಕೇಳಿ. ‘ಔಫ್’ಗೆ ಅರ್ಥವಿದೆ, ‘ಮಾಖ್’ಗೂ ಇದೆ. ‘ಗೆ’ ಧಾತುವಿನ ಎಡ ಅಂಚಿನಲ್ಲೇ ಇದೆ, ಅದರಾಚೆ ‘ಔಫ್’ ನಿಂತಿದೆ ಅಷ್ಟೆ. ಸಂಸ್ಕೃತ ಓದಿದವರಿಗೆ ಇದು ಪರಿಚಿತ: ‘ಅನುಗಚ್ಛತಿ’ಯ ಭೂತಕಾಲ ‘ಅನ್ವಗಚ್ಛತ್’. ಭೂತಕಾಲದ ಅಡಾಗಮ ಉಪಸರ್ಗಕ್ಕೂ ಧಾತುವಿಗೂ ನಡುವೆ ಬಂದಿದೆ, ‘ಗಮ್’ ಧಾತುವನ್ನು ಅದು ಸೀಳಿಲ್ಲ.

ಬರೆದಿಡುವಾಗ

ಗುರುತಿಸಿದ್ದನ್ನು ಇತರರು ಓದುವಂತೆ ಬರೆಯಲು, ಪದದ ಪ್ರತಿ ತುಂಡಿನ ಕೆಳಗೆ ಅದರ ಅರ್ಥವನ್ನೋ ಕೆಲಸವನ್ನೋ ನಮೂದಿಸುವ ಲೈಪ್ಜಿಗ್ ಗ್ಲಾಸಿಂಗ್ ನಿಯಮಗಳ ಪದ್ಧತಿ ರೂಢಿಯಲ್ಲಿದೆ. ಮಾಮೂಲಿ ಪೂರ್ವಪ್ರತ್ಯಯ, ಅಂತ್ಯಪ್ರತ್ಯಯಗಳಿಗೆ ಅಡ್ಡಗೆರೆ. ಮಧ್ಯಪ್ರತ್ಯಯಕ್ಕೆ ಕೋನಾವರಣ. ಸುತ್ತುಪ್ರತ್ಯಯಕ್ಕೆ ಎರಡೂ ಕಡೆ ಅಡ್ಡಗೆರೆ ಹಾಕಿ, ಕೆಳಗಿನ ಸಾಲಿನಲ್ಲಿ ಒಂದೇ ಹೆಸರನ್ನು ಎರಡು ಸಲ ಬರೆಯುತ್ತಾರೆ. ಇಲ್ಲಿ AV ಎಂದರೆ ಕ್ರಿಯೆ ಮಾಡಿದವರ ಮೇಲೆ ಒತ್ತು, NMLZ ಎಂದರೆ ನಾಮಪದ ಮಾಡುವ ಪ್ರತ್ಯಯ.

```
s<um>ulat       ke-manusia-an
<AV>write       NMLZ-human-NMLZ
```

ಮಧ್ಯಪ್ರತ್ಯಯಕ್ಕೆ ಅಡ್ಡಗೆರೆ ಹಾಕಿ s-um-ulat ಎಂದು ಬರೆದರೆ ಓದುವವರು ‘ಸ್’ ಒಂದು ಪ್ರತ್ಯಯ, ‘ಉಲತ್’ ಒಂದು ಪದ ಎಂದು ಓದಿಕೊಳ್ಳುತ್ತಾರೆ. ಎರಡನೆಯ ಹಂತದಲ್ಲಿ ಕಷ್ಟಪಟ್ಟು ತಳ್ಳಿಹಾಕಿದ ‘ವರದಿ’ ಹಿಂಬಾಗಿಲಿನಿಂದ ಮತ್ತೆ ಒಳಗೆ ಬಂದುಬಿಡುತ್ತದೆ. ವೆಬ್ ಪುಟದಲ್ಲಿ ಹಾಕುವವರು ಇನ್ನೊಂದು ನೋಡಿಕೊಳ್ಳಬೇಕು: ಕೋನಾವರಣವನ್ನು ನೇರವಾಗಿ ಟೈಪ್ ಮಾಡಿದರೆ ಬ್ರೌಸರ್ ಅದನ್ನು ಟ್ಯಾಗ್ ಎಂದು ತಿಳಿದು `<um>` ಅನ್ನು ನುಂಗಿಬಿಡುತ್ತದೆ, ಪರದೆಯ ಮೇಲೆ ಬರೀ ‘sulat’ ಉಳಿಯುತ್ತದೆ. `s&lt;um&gt;ulat` ಎಂದು ಬರೆದರೆ ಪ್ರತ್ಯಯ ಇದ್ದಲ್ಲೇ ಇರುತ್ತದೆ.